ಮಳೆ, ಹೂವು, ಮರೆ: ಸೆನ್ಸಾರಿನ ನೆರಳಿನಲ್ಲಿ ಚಲಚ್ಚಿತ್ರದ ಶೃಂಗಾರ

ನಾಯಕ ನಾಯಿಕೆಯರ ಮುಖಗಳು ಸಮೀಪಿಸಿದೊಡನೆ ತೆರೆಯ ಮೇಲೆ ಎರಡು ಹೂಗಳು ಒಂದಕ್ಕೊಂದು ತಾಗಿ ತೊನೆಯುವುದೂ, ಅವರು ಒಂದೇ ಸೂರಿನಡಿ ಸೇರಿದೊಡನೆ ಹೊರಗೆ ಗುಡುಗಿ ಮಳೆ ಸುರಿಯುವುದೂ ಭಾರತೀಯ ಚಲಚ್ಚಿತ್ರವನ್ನು ಬಲ್ಲ ಪ್ರತಿಯೊಬ್ಬರಿಗೂ ಪರಿಚಿತವಾದ ಸಂಗತಿ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಬಹು ಸರಳವಾದುದು: ಸೆನ್ಸಾರು ಚುಂಬನವನ್ನು ಒಪ್ಪಲಿಲ್ಲ, ಆದುದರಿಂದ ನಿರ್ದೇಶಕರು ಹೂವನ್ನು ತೋರಿಸಿದರು. ಈ ಮಾತನ್ನು ಕೆಲವರು ನಗೆಯಾಡುತ್ತ ಹೇಳುತ್ತಾರೆ. ಮತ್ತೆ ಕೆಲವರು, ನಿರ್ಬಂಧವೇ ಕಲೆಗೆ ತಾಯಿಯಾಯಿತೆಂದು ಅಭಿಮಾನದಿಂದ ಹೇಳುತ್ತಾರೆ. ಈ ಎರಡು ನಿಲುವುಗಳೂ ಪರೀಕ್ಷೆಗೆ ನಿಲ್ಲುವುದಿಲ್ಲವೆಂದು ನಮ್ಮ ಅಭಿಪ್ರಾಯ. ಮರೆಯಿಂದ ಕೆಲವೊಮ್ಮೆ ನಿಜವಾದ ಧ್ವನಿ ಹುಟ್ಟಿದೆ. ಅನೇಕ ವೇಳೆ ಹುಟ್ಟಿಲ್ಲ. ಕೆಲವು ವೇಳೆ ಅದರಿಂದ ಕೇಡೂ ಆಗಿದೆ. ಇವುಗಳನ್ನು ಬೇರ್ಪಡಿಸುವ ಬಗೆ ಯಾವುದೆಂಬುದನ್ನು ಎರಡು ಹಿಂದೀ ಚಿತ್ರಗಳ ಆಧಾರದಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ನಿರ್ಬಂಧದ ಸ್ವರೂಪವನ್ನು ತಿಳಿಯಬೇಕು. ನಮ್ಮ ದೇಶದಲ್ಲಿ ಚಲಚ್ಚಿತ್ರಕ್ಕೆ ಸಂಬಂಧಿಸಿದ ಮೊದಲ ಕಾಯಿದೆ ಬಂದದ್ದು 1918ರಲ್ಲಿ. ಅದರ ಮೇರೆಗೆ 1920ರಲ್ಲಿ ಬೊಂಬಾಯಿ, ಕಲ್ಕತ್ತ, ಮದರಾಸು ಮತ್ತು ರಂಗೂನುಗಳಲ್ಲಿ ಸೆನ್ಸಾರ್ ಮಂಡಲಿಗಳು ಏರ್ಪಟ್ಟವು. ಆದರೆ ಆ ಕಾಲದ ಅಧಿಕಾರಿಗಳಿಗೆ ಶೃಂಗಾರಕ್ಕಿಂತ ರಾಜದ್ರೋಹದ ಭಯವೇ ಹೆಚ್ಚಾಗಿತ್ತು. 1929ರ 'ಪ್ರಪಂಚ ಪಾಶ'ದಲ್ಲಿ ಪ್ರೇಮಿಗಳ ಚುಂಬನವಿದೆ. 1933ರ 'ಕರ್ಮ'ದಲ್ಲಿ, ಹಾವು ಕಚ್ಚಿ ಪ್ರಜ್ಞೆ ತಪ್ಪಿ ಮಲಗಿರುವ ರಾಜಕುಮಾರನನ್ನು ನಾಯಿಕೆ ಚುಂಬಿಸುತ್ತಾಳೆ. ಆ ಪಾತ್ರಗಳನ್ನು ವಹಿಸಿದವರು ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ. ಹೀಗಿರುವಾಗ, ಭಾರತೀಯ ಚಿತ್ರ ಹುಟ್ಟಿದಂದಿನಿಂದಲೂ ಚುಂಬನಕ್ಕೆ ಎಡೆಯಿರಲಿಲ್ಲವೆಂಬುದು ಸತ್ಯವಲ್ಲ. ಅದು ತೆರೆಯಿಂದ ಮರೆಯಾದದ್ದು ಮುಖ್ಯವಾಗಿ ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ. 1951ರಲ್ಲಿ ಕೇಂದ್ರ ಸೆನ್ಸಾರ್ ಮಂಡಲಿ ಸ್ಥಾಪಿತವಾಯಿತು. 1952ರಲ್ಲಿ ಹೊಸ ಕಾಯಿದೆ ಬಂದಿತು. ಕಾಯಿದೆಯು ಸಭ್ಯತೆ ಮತ್ತು ನೀತಿಗಳನ್ನು ಸಾಮಾನ್ಯ ಮಾತಿನಲ್ಲಿ ಹೇಳಿತೇ ಹೊರತು ಚುಂಬನವನ್ನು ಹೆಸರಿಸಿ ನಿಷೇಧಿಸಲಿಲ್ಲ. ಕತ್ತರಿಯ ಭಯದಿಂದ ನಿರ್ಮಾಪಕರೂ, ಲೋಕಾಪವಾದದ ಭಯದಿಂದ ನಟಿಯರೂ, ಮನೆಮಂದಿಯೊಡನೆ ಕುಳಿತು ನೋಡುವ ಸಂಕೋಚದಿಂದ ಪ್ರೇಕ್ಷಕರೂ ಸೇರಿ ಆ ಎಲ್ಲೆಯನ್ನು ಎಳೆದುಕೊಂಡರು. ಚಿತ್ರ ಸೆನ್ಸಾರನ್ನು ಕುರಿತು ಜಿ. ಡಿ. ಖೋಸ್ಲಾ ಅವರ ಅಧ್ಯಕ್ಷತೆಯಲ್ಲಿ ವಿಚಾರ ನಡೆಸಿದ ಸಮಿತಿಯು 1969ರ ತನ್ನ ವರದಿಯಲ್ಲಿ, ಕಥೆಗೆ ಅಗತ್ಯವಾದಲ್ಲಿ ಚುಂಬನಕ್ಕೆ ಆಕ್ಷೇಪವಿರಬಾರದೆಂದು ಅಭಿಪ್ರಾಯಪಟ್ಟರೂ ಚಿತ್ರಗಳ ಪದ್ಧತಿ ಬಹುಕಾಲ ಬದಲಾಗದೆ ಉಳಿದುದಕ್ಕೆ ಇದೇ ಕಾರಣ.

ಮನೆಮಂದಿಯೊಡನೆ ಕುಳಿತು ನೋಡುವ ಸಂಕೋಚ ನಮಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರವು ರಂಗದ ಮೇಲೆ ಶಯನ, ಚುಂಬನ, ಆಲಿಂಗನಗಳನ್ನು ತೋರಿಸಬಾರದೆಂದು ವಿಧಿಸಿ, ತಂದೆ ಮಕ್ಕಳು, ಅತ್ತೆ ಸೊಸೆಯರು ಒಟ್ಟಿಗೆ ಕುಳಿತು ನೋಡುವ ವಸ್ತು ನಾಟಕವೆಂಬ ಕಾರಣವನ್ನೇ ಕೊಡುತ್ತದೆ. ಈ ವಿಧಿಯೊಳಗೆ ನಿಂತು ಕಾಳಿದಾಸನು ಏನು ಮಾಡಿದನೆಂಬುದನ್ನು ಶಾಕುಂತಲವನ್ನು ಓದಿದ ನಮ್ಮ ವಿದ್ಯಾರ್ಥಿಗಳು ಬಲ್ಲರು. ಮೊದಲ ಅಂಕದಲ್ಲಿ ದುಂಬಿಯೊಂದು ಶಕುಂತಲೆಯ ಮುಖದ ಸುತ್ತ ಹಾರಾಡುತ್ತದೆ. ಮರದ ಮರೆಯಲ್ಲಿ ನಿಂತ ದುಷ್ಯಂತನು, ತಾನು ಪಡೆಯಲಾರದ ಭಾಗ್ಯವನ್ನು ಅದು ಪಡೆಯುತ್ತಿರುವುದನ್ನು ಕಂಡು ಕರುಬುತ್ತಾನೆ. ಮೂರನೆಯ ಅಂಕದಲ್ಲಿ ರಾಜನು ಚುಂಬನಕ್ಕೆ ಬಾಗುತ್ತಿರುವಷ್ಟರಲ್ಲಿ ತೆರೆಯ ಹಿಂದಿನಿಂದ ಒಂದು ದನಿ, ರಾತ್ರಿಯಾಯಿತು, ಸಂಗಾತಿಯನ್ನು ಬೀಳ್ಕೊಡು ಎಂದು ಚಕ್ರವಾಕಿಯನ್ನು ಎಚ್ಚರಿಸುತ್ತದೆ, ಗೌತಮಿ ಬರುತ್ತಾಳೆ, ಪ್ರೇಮಿಗಳು ಅಗಲುತ್ತಾರೆ. ಹೂವು ದುಂಬಿಗಳ ಷಾಟ್‌ಗೂ, ಮುಖದಿಂದ ದೃಷ್ಟಿಯನ್ನು ಬೇರೆಡೆಗೆ ತಿರುಗಿಸುವ ಕಟ್-ಅವೇಗೂ ಇವು ಪೂರ್ವಜರೆಂದರೆ ತಪ್ಪಾಗದು.

ಆದರೆ ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಕಾಳಿದಾಸನ ದುಂಬಿ ಕಥೆಯ ಒಳಗಿನ ದುಂಬಿ. ಅದು ಶಕುಂತಲೆಯನ್ನು ನಿಜವಾಗಿ ಕಾಡುತ್ತದೆ. ಅವಳು ರಕ್ಷಣೆಗಾಗಿ ಕೂಗಿಕೊಳ್ಳುವುದರಿಂದಲೇ ರಾಜನಿಗೆ ಮರೆಯಿಂದ ಹೊರಬರಲು ನೆಪ ಸಿಕ್ಕುತ್ತದೆ. ಚಕ್ರವಾಕಿಗೆ ಹೇಳಿದ ಮಾತು ಪ್ರೇಮಿಗಳಿಗೆ ಎಚ್ಚರಿಕೆಯೂ ಹೌದು, ಮುಂದಿನ ದೀರ್ಘ ವಿರಹದ ಸೂಚನೆಯೂ ಹೌದು. ಎಂದರೆ ಅವು ಚುಂಬನದ ಬದಲಿಗೆ ಇಟ್ಟ ವಸ್ತುಗಳಲ್ಲ. ಚುಂಬನವನ್ನು ತೋರಿಸಿದ್ದರೆ ಹೇಳಲಾಗದಿದ್ದುದನ್ನು ಹೇಳುವ ವಸ್ತುಗಳು. ಚಲಚ್ಚಿತ್ರದ ಸಂಕೇತಗಳಿಗೂ ಇದೇ ಒರೆಗಲ್ಲು.

ರಾಜ್ ಕಪೂರರು 1955ರಲ್ಲಿ ನಿರ್ದೇಶಿಸಿ ನಟಿಸಿದ 'ಶ್ರೀ 420'ರ ಪ್ರಸಿದ್ಧವಾದ ಮಳೆಯ ಹಾಡನ್ನು ಈ ಒರೆಗಲ್ಲಿಗೆ ಉಜ್ಜಿ ನೋಡಬಹುದು. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಬಡ ಯುವಕ ರಾಜ್; ಮಕ್ಕಳಿಗೆ ಪಾಠ ಹೇಳುವ ಬಡ ಉಪಾಧ್ಯಾಯಿನಿ ವಿದ್ಯಾ, ಆ ಪಾತ್ರದಲ್ಲಿ ನರ್ಗಿಸ್. ರಾತ್ರಿಯ ಬೀದಿ, ಸುರಿಯುವ ಮಳೆ, ಇಬ್ಬರಿಗೂ ಸೇರಿ ಒಂದೇ ಕೊಡೆ. ಸಂಪ್ರದಾಯದ ಪ್ರಕಾರ ಮಳೆಯು ಶೃಂಗಾರದ ಉದ್ದೀಪನ ವಿಭಾವ. ಇಲ್ಲಿ ಅದರ ಕೆಲಸ ಉದ್ದೀಪನವಷ್ಟೇ ಆಗಿದ್ದರೆ ಈ ದೃಶ್ಯ ನೂರರಲ್ಲಿ ಒಂದಾಗುತ್ತಿತ್ತು. ಇಲ್ಲಿ ಮುಖ್ಯವಾದದ್ದು ಮಳೆಯಲ್ಲ, ಕೊಡೆ. ಅದು ಒಮ್ಮೆ ಅವನ ಕಡೆಗೆ, ಒಮ್ಮೆ ಅವಳ ಕಡೆಗೆ ಸರಿಯುತ್ತದೆ. ಒಬ್ಬರು ಮರೆಗೆ ಬಂದರೆ ಇನ್ನೊಬ್ಬರು ನೆನೆಯಬೇಕು. ಇಬ್ಬರೂ ನೆನೆಯದಿರಬೇಕಾದರೆ ಹತ್ತಿರ ನಿಲ್ಲುವುದೊಂದೇ ದಾರಿ. ಹತ್ತಿರ ನಿಲ್ಲುವುದೆಂದರೆ ಒಪ್ಪಿಗೆ. ಮುಖದ ಮೇಲಿನ ಸಂಕೋಚ, ಹಿಂದೆಗೆತ, ಕಡೆಗೆ ಧೈರ್ಯ ಇವೆಲ್ಲವೂ ಒಂದು ಕೊಡೆಯ ಚಲನೆಯಲ್ಲಿ ಅಳತೆಗೆ ಸಿಕ್ಕುತ್ತವೆ.

ಇದರ ಮೇಲೆ ಎರಡನೆಯ ಅರ್ಥವೊಂದು ಏಳುತ್ತದೆ. ಇಬ್ಬರೂ ಸೇರಿ ಬಾಳುವ ಮನೆ ಇವರಿಗಿಲ್ಲ, ಆ ಕೊಡೆಯೇ ಅವರ ಸೂರು. ಶ್ರೀಮಂತ ನಗರದ ಬಯಲಿನಲ್ಲಿ ಎರಡು ಜೀವಗಳು ಕಟ್ಟಿಕೊಳ್ಳಬಹುದಾದ ಸಂಸಾರದ ಅಗಲವೆಷ್ಟೆಂಬುದನ್ನು ಆ ಕಪ್ಪು ಬಟ್ಟೆಯ ವೃತ್ತ ತೋರಿಸುತ್ತದೆ. ಅನಂತರ ಮಳೆಯಂಗಿ ತೊಟ್ಟ ಮೂವರು ಚಿಕ್ಕ ಮಕ್ಕಳು ಆ ಮಳೆಯಲ್ಲಿ ನಡೆದು ಹೋಗುತ್ತಾರೆ. ಅವರು ರಾಜ್ ಕಪೂರರ ಸ್ವಂತ ಮಕ್ಕಳೆಂಬುದು ಚಿತ್ರಪ್ರಿಯರಿಗೆ ತಿಳಿದ ವಿಷಯ; ವಿಮರ್ಶೆಗೆ ಅದಕ್ಕಿಂತ ಮುಖ್ಯವಾದದ್ದು ಆ ಷಾಟ್‌ನ ಸ್ಥಾನ. ಪ್ರೇಮಿಗಳಿಂದ ದೃಷ್ಟಿ ಹೊರಳಿ ಮಕ್ಕಳ ಮೇಲೆ ನಿಂತಾಗ, ತಾವು ಅಳಿದ ಮೇಲೂ ಉಳಿಯುವುದರ ಯೋಚನೆ ಹಾಡಿನಲ್ಲಿ ನಡೆದಿರುತ್ತದೆ. ಹೀಗೆ ಒಂದು ಕಟ್-ಅವೇ ಪ್ರಣಯದಿಂದ ಸಂಸಾರಕ್ಕೆ, ಸಂಸಾರದಿಂದ ಪೀಳಿಗೆಗೆ ಜಿಗಿಯುತ್ತದೆ. ಸೆನ್ಸಾರಿನ ಹಂಗಿಲ್ಲದ ನಿರ್ದೇಶಕನೊಬ್ಬನು ಇಲ್ಲಿ ಚುಂಬನವನ್ನು ತೋರಿಸಿದ್ದರೆ ಈ ಅರ್ಥಗಳಲ್ಲಿ ಒಂದೂ ದೊರೆಯುತ್ತಿರಲಿಲ್ಲ. ಆದುದರಿಂದ ಈ ಸಂಕೇತವನ್ನು ನಿಷೇಧದ ಫಲವೆನ್ನುವುದಕ್ಕಿಂತ, ನಿಷೇಧವನ್ನು ಅಪ್ರಸ್ತುತಗೊಳಿಸಿದ ಕಲ್ಪನೆಯ ಫಲವೆನ್ನುವುದು ಯುಕ್ತ.

ತಾಗಿ ತೊನೆಯುವ ಎರಡು ಹೂಗಳ ಗತಿ ಬೇರೆ. ಅವು ಕಥೆ ನಡೆಯುವ ತೋಟದಲ್ಲಿ ಎಲ್ಲೋ ಇವೆಯೆಂಬುದು ಹೆಸರಿಗೆ ಮಾತ್ರ. ಪಾತ್ರಗಳು ಅವುಗಳನ್ನು ನೋಡುವುದಿಲ್ಲ, ಮುಟ್ಟುವುದಿಲ್ಲ, ಅವುಗಳಿಂದ ಕಥೆಯಲ್ಲಿ ಏನೂ ಬದಲಾಗುವುದಿಲ್ಲ. ಮೊದಲು ಯಾರೋ ಒಬ್ಬ ನಿರ್ದೇಶಕನು ಈ ಷಾಟ್ ಬಳಸಿದಾಗ ಅದರಲ್ಲಿ ಸ್ವಲ್ಪ ಧ್ವನಿಯಿದ್ದಿರಬಹುದು. ನೂರು ಚಿತ್ರಗಳಲ್ಲಿ ಅದೇ ಬಂದ ಮೇಲೆ ಏನಾಯಿತೆಂಬುದಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಸಿದ್ಧವಾದ ಹೆಸರಿದೆ. 'ಕುಶಲ' ಎಂಬ ಶಬ್ದಕ್ಕೆ ದರ್ಭೆಯನ್ನು ಕೊಯ್ದು ತರುವವನೆಂಬುದು ವ್ಯುತ್ಪತ್ತಿ. ದರ್ಭೆಯ ಅಲಗು ಕೈ ಕುಯ್ಯದಂತೆ ಎಚ್ಚರ ಬೇಕಾದುದರಿಂದ ನಿಪುಣನೆಂಬ ಅರ್ಥ ಲಕ್ಷಣೆಯಿಂದ ಬಂದಿತು. ಈಗ ಆ ಮಾತನ್ನು ಕೇಳಿದವರು ದರ್ಭೆಯನ್ನು ನೆನೆಯುವುದೇ ಇಲ್ಲ. ಇದನ್ನು ಆಲಂಕಾರಿಕರು ರೂಢಿಲಕ್ಷಣೆಯೆಂದರು. ತೊನೆಯುವ ಹೂಗಳದ್ದೂ ಅದೇ ಅವಸ್ಥೆ. ಪ್ರೇಕ್ಷಕನು ಅವುಗಳಲ್ಲಿ ಹೂವನ್ನು ಕಾಣುವುದಿಲ್ಲ. 'ಚುಂಬನ' ಎಂಬ ಪದವನ್ನು ಓದುತ್ತಾನೆ. ವ್ಯಂಗ್ಯವಾಗಬೇಕಾದುದು ವಾಚ್ಯವಾಯಿತು, ಮರೆಮಾಡಲು ಬಂದದ್ದು ಸಾರಿ ಹೇಳತೊಡಗಿತು. ಪರಿಹಾಸ್ಯಕ್ಕೆ ಎಡೆಯಾಗುವುದು ಇಲ್ಲಿಯೇ.

ಇದನ್ನು ಗುರುತಿಸಲು ಒಂದು ಸುಲಭವಾದ ಪರೀಕ್ಷೆಯಿದೆ. ಹೂಗಳ ಜಾಗದಲ್ಲಿ ಎರಡು ಪಾರಿವಾಳಗಳನ್ನೋ ಎರಡು ಹಂಸಗಳನ್ನೋ ಇಟ್ಟು ನೋಡಿದರೆ ಅರ್ಥದಲ್ಲಿ ವ್ಯತ್ಯಾಸ ಬರುವುದಿಲ್ಲವಾದರೆ ಅದು ರೂಢಿ. 'ಶ್ರೀ 420'ರ ಕೊಡೆಯ ಜಾಗದಲ್ಲಿ ಬೇರೇನನ್ನು ಇಟ್ಟರೂ ದೃಶ್ಯ ಕುಸಿದುಬೀಳುತ್ತದೆ, ಅದು ಧ್ವನಿ. ಪರ್ಯಾಯ ಶಬ್ದವನ್ನು ಸಹಿಸದಿರುವುದು ಉತ್ತಮ ಕಾವ್ಯದ ಲಕ್ಷಣವೆಂದು ಪಾಠ ಹೇಳುವ ನಮಗೆ ಈ ಪರೀಕ್ಷೆ ಅಪರಿಚಿತವಲ್ಲ.

ಇನ್ನು ಮೂರನೆಯ ಸಾಧನವಾದ ಕಟ್-ಅವೇಯನ್ನು ವಿಚಾರಿಸಬೇಕು. ಮಳೆ ಮತ್ತು ಹೂಗಳಿಗಿಂತ ಇದರ ಶಕ್ತಿ ದೊಡ್ಡದು, ಅಪಾಯವೂ ದೊಡ್ಡದು. ಏಕೆಂದರೆ ಇದು ವಸ್ತುವಲ್ಲ, ಒಂದು ಲೋಪ. ಎರಡು ಷಾಟ್‌ಗಳ ನಡುವೆ ನಡೆದುದನ್ನು ಪ್ರೇಕ್ಷಕನೇ ತುಂಬಿಕೊಳ್ಳಬೇಕು. ರಷ್ಯದ ನಿರ್ದೇಶಕ ಕುಲೆಶೊವ್ ಒಬ್ಬ ನಟನ ಭಾವರಹಿತವಾದ ಒಂದೇ ಮುಖವನ್ನು ಸಾರಿನ ಬಟ್ಟಲು, ಶವಪೆಟ್ಟಿಗೆ, ಹೆಣ್ಣು ಇವುಗಳ ಪಕ್ಕದಲ್ಲಿ ಜೋಡಿಸಿದಾಗ, ಪ್ರೇಕ್ಷಕರು ಅದರಲ್ಲಿ ಕ್ರಮವಾಗಿ ಹಸಿವು, ಶೋಕ, ಬಯಕೆಗಳನ್ನು ಕಂಡರೆಂಬುದು ಚಲಚ್ಚಿತ್ರ ಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಷಾಟ್‌ನ ಅರ್ಥ ಅದರೊಳಗೆ ಮಾತ್ರವಿಲ್ಲ, ನೆರೆಯಲ್ಲಿಯೂ ಇದೆಯೆಂಬುದು ಇದರ ಸಾರ. ಆದುದರಿಂದ ಕಟ್-ಅವೇಯನ್ನು ವಿಮರ್ಶಿಸುವಾಗ ತೋರಿಸಿದ ಬೆಂಕಿಯನ್ನೋ ಮಿಂಚನ್ನೋ ಮಾತ್ರ ನೋಡಿದರೆ ಸಾಲದು. ಅದಕ್ಕೆ ಮುಂಚಿನ ಷಾಟ್‌ನಲ್ಲಿ ಯಾರ ಮುಖವಿತ್ತು, ಅನಂತರದ ಷಾಟ್‌ನಲ್ಲಿ ಯಾರ ಬಾಳು ತೆರೆಯಿತು, ಈ ಮೂರನ್ನೂ ಸೇರಿಸಿ ಓದಬೇಕು.

ಶಕ್ತಿ ಸಾಮಂತರ 1969ರ 'ಆರಾಧನಾ' ಇದಕ್ಕೆ ತಕ್ಕ ನಿದರ್ಶನ. ವಾಯುಪಡೆಯ ಅರುಣನೂ ವಂದನಾಳೂ ದೇವಾಲಯದಲ್ಲಿ ಗುಟ್ಟಾಗಿ ಮದುವೆಯಾಗುತ್ತಾರೆ. ಮಳೆಗೆ ಸಿಕ್ಕಿ ಒಂದು ಕೋಣೆಯಲ್ಲಿ ಆಸರೆ ಪಡೆಯುತ್ತಾರೆ. ಆ ಪಾತ್ರಗಳಲ್ಲಿ ರಾಜೇಶ್ ಖನ್ನಾ ಮತ್ತು ಶರ್ಮಿಳಾ ಟಾಗೋರ್. ಕಿಶೋರ್ ಕುಮಾರರು ಹಾಡಿದ, ಮೂರು ನಿಮಿಷಗಳಿಗೂ ಮಿಕ್ಕ ಅಲ್ಲಿನ ಹಾಡನ್ನು ಎಲ್ಲಿಯೂ ತುಂಡರಿಸದೆ ಒಂದೇ ಷಾಟ್‌ನಲ್ಲಿ ಚಿತ್ರೀಕರಿಸಲಾಗಿದೆ. ಕತ್ತರಿಸಿ ಕತ್ತರಿಸಿ ಶೃಂಗಾರವನ್ನು ಮರೆಮಾಡುವುದೇ ಪದ್ಧತಿಯಾಗಿದ್ದ ಕಾಲದಲ್ಲಿ ನಿರ್ದೇಶಕರು ಕತ್ತರಿಯನ್ನೇ ಕೆಳಗಿಟ್ಟುದು ಗಮನಾರ್ಹ. ಕ್ಯಾಮೆರಾ ಕಣ್ಣು ತಿರುಗಿಸುವುದಿಲ್ಲ. ಕೆಂಬಣ್ಣದ ಹೊದಿಕೆ ಸುತ್ತಿಕೊಂಡ ವಂದನಾಳ ಮುಖ, ಅವಳು ಹಿಂದೆ ಸರಿಯುವುದು, ನಿಲ್ಲುವುದು, ಮತ್ತೆ ಹತ್ತಿರ ಬರುವುದು ಎಲ್ಲವೂ ಅಖಂಡವಾದ ಕಾಲದಲ್ಲಿ ನಮ್ಮೆದುರು ನಡೆಯುತ್ತದೆ; ನಡುವೆ ಬೆಂಕಿ ಉರಿಯುತ್ತದೆ. ಆ ಬೆಂಕಿ ಬಯಕೆಯ ರೂಢಿಸಂಕೇತವೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಅಂದೇ ಮದುವೆಯಾದವರ ಎದುರಿನಲ್ಲಿ ಉರಿಯುವ ಬೆಂಕಿಗೆ ನಮ್ಮ ದೇಶದಲ್ಲಿ ಇನ್ನೊಂದು ಅರ್ಥವಿದೆ: ಅದು ಸಾಕ್ಷಿ.

ಸಾಕ್ಷಿಯ ಪ್ರಶ್ನೆಯೇ ಮುಂದಿನ ಕಥೆಯೆಲ್ಲ. ಅರುಣನು ವಿಮಾನ ಅಪಘಾತದಲ್ಲಿ ಸಾಯುತ್ತಾನೆ. ವಂದನಾ ಗರ್ಭಿಣಿ. ಮದುವೆಗೆ ಲೋಕ ಒಪ್ಪುವ ಆಧಾರವಿಲ್ಲದ ಕಾರಣ ಅವನ ಮನೆಯವರು ಅವಳನ್ನು ನಂಬುವುದಿಲ್ಲ. ಹೆತ್ತ ಮಗನನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಅವನು ಬೆಳೆಯುವ ಮನೆಯಲ್ಲಿಯೇ ಅವಳು ದಾದಿಯಾಗಬೇಕಾಗುತ್ತದೆ. ಇದು ಶಾಕುಂತಲದ ಕಥೆಯೇ ಅಲ್ಲವೆ? ಅಲ್ಲಿ ಗಾಂಧರ್ವ ವಿವಾಹ, ಇಲ್ಲಿ ಗುಟ್ಟಿನ ವಿವಾಹ. ಅಲ್ಲಿ ಉಂಗುರ ಕಳೆಯಿತು, ಇಲ್ಲಿ ಗಂಡನೇ ಕಳೆದುಹೋದ. ಕಥೆಯೊಳಗಿನ ಜನ ಕಾಣದುದನ್ನು ನಾವು ಮಾತ್ರ ಕಂಡಿದ್ದೇವೆ, ಅದೂ ಒಂದು ಕ್ಷಣವೂ ಕಣ್ಣು ತಪ್ಪದೆ ಕಂಡಿದ್ದೇವೆ. ಅವಳ ಪ್ರೀತಿ ನಿರ್ಮಲವೆಂಬುದಕ್ಕೂ ಅವಳು ಮನಸಾರೆ ಒಪ್ಪಿದಳೆಂಬುದಕ್ಕೂ ಪ್ರೇಕ್ಷಕನೇ ಸಾಕ್ಷಿ. ಅವಳಿಗಾಗುವ ಅನ್ಯಾಯ ಪ್ರೇಕ್ಷಕನನ್ನು ಅಷ್ಟು ನೋಯಿಸುವುದು ಇದರಿಂದಲೇ. ಹಾಡಿನ ಅನಂತರ ಚಿತ್ರ ಕೊನೆಗೂ ಮರೆಮಾಡುವುದು ಬಹಳ ಸ್ವಲ್ಪವನ್ನು. ತೋರಿಸಬೇಕಾಗಿದ್ದ ಮುಖ್ಯವಾದ ಸಂಗತಿಯನ್ನು, ಎಂದರೆ ಅವಳ ಇಚ್ಛೆಯನ್ನು, ಅದು ಮೊದಲೇ ತೋರಿಸಿಯಾಗಿದೆ. ಸಭ್ಯತೆಯ ನಿಯಮ ದೇಹವನ್ನು ಮರೆಮಾಡೆಂದು ಕೇಳಬಹುದು. ಮನಸ್ಸನ್ನು ಮರೆಮಾಡೆಂದು ಯಾವ ಸೆನ್ಸಾರೂ ಕೇಳಿರಲಿಲ್ಲ.

ನಮ್ಮ ಚಲಚ್ಚಿತ್ರದ ದೊಡ್ಡ ದೋಷವಿರುವುದು ಇಲ್ಲಿ. ಸಾಮಾನ್ಯ ಚಿತ್ರಗಳು ಮರೆಯ ಹಿಂದೆ ದೇಹದೊಡನೆ ಮನಸ್ಸನ್ನೂ ತಳ್ಳಿಬಿಟ್ಟವು. ಗಾಳಿ ಬೀಸಿತು, ದೀಪ ಆರಿತು, ಮಿಂಚು ಹೊಡೆಯಿತು, ಬೆಳಗಾಯಿತು. ಹೆಣ್ಣು ಅಳುತ್ತ ಕುಳಿತಿದ್ದಾಳೆ. ಏನು ನಡೆಯಿತು? ಪ್ರಕೃತಿ ಕೆರಳಿತು, ನಡೆಯಬಾರದ್ದು ನಡೆದುಹೋಯಿತು ಎಂಬಂತೆ ಚಿತ್ರ ಹೇಳುತ್ತದೆ. ಮಳೆ ಬಂದದ್ದಕ್ಕೆ ಯಾರೂ ಹೊಣೆಯಲ್ಲ. ಅದರಂತೆ ಈ ಸಂಗತಿಗೂ ಗಂಡು ಹೊಣೆಯಲ್ಲವೆಂಬ ಅರ್ಥ ತಾನೇ ತಾನಾಗಿ ಒದಗುತ್ತದೆ. ಹೊಣೆ ಹೊರುವವಳು ಮಾತ್ರ ಅವಳು, ಮುಂದಿನ ಹತ್ತು ರೀಲುಗಳ ಉದ್ದಕ್ಕೂ.

ಇದಕ್ಕಿಂತ ಕಳವಳಕಾರಿಯಾದ ಸಂಗತಿಯೆಂದರೆ, ಬಲಾತ್ಕಾರವನ್ನು ಸೂಚಿಸುವುದಕ್ಕೂ ಇವೇ ಸಂಕೇತಗಳು ಬಳಕೆಯಾದದ್ದು. ಅದೇ ಬಿರುಗಾಳಿ, ಅದೇ ಆರುವ ದೀಪ. ಬೇಕಾದರೆ ಅದಕ್ಕೊಂದು ಒಡೆದ ಬಳೆ, ಹೊಸಕಿದ ಹೂವು. ಮಿಲನಕ್ಕೂ ಹಿಂಸೆಗೂ ಒಂದೇ ಪದವಿರುವ ಭಾಷೆಯನ್ನು ಊಹಿಸಿಕೊಂಡರೆ ಈ ಚಿತ್ರಭಾಷೆಯ ಸ್ಥಿತಿ ಅರ್ಥವಾದೀತು. ಎರಡರ ನಡುವಣ ಭೇದವಿರುವುದು ಹೆಣ್ಣಿನ ಒಪ್ಪಿಗೆಯಲ್ಲಿ. ಅದನ್ನೇ ತೋರಿಸದ ಸಂಕೇತವು ಆ ಭೇದವನ್ನು ಅಳಿಸುತ್ತದೆ. 'ಆರಾಧನಾ' ಚಿತ್ರದಲ್ಲಿಯೇ ಮುಂದೆ ವಂದನಾಳ ಮೇಲೆ ಆಕ್ರಮಣ ನಡೆಯುತ್ತದೆ. ಆಕ್ರಮಿಸಿದವನನ್ನು ಬಾಲಕನಾದ ಮಗ ಕೊಲ್ಲುತ್ತಾನೆ, ತಾಯಿ ಅಪರಾಧವನ್ನು ತಾನೇ ಹೊತ್ತು ಸೆರೆಮನೆಗೆ ಹೋಗುತ್ತಾಳೆ. ಅಲ್ಲಿ ಪ್ರೇಕ್ಷಕನಿಗೆ ಗೊಂದಲವಾಗುವುದಿಲ್ಲ. ಅವಳು ಯಾವುದಕ್ಕೆ ಒಪ್ಪಿದಳು, ಯಾವುದಕ್ಕೆ ಒಪ್ಪಲಿಲ್ಲ ಎಂಬುದು ಅವನಿಗೆ ಗೊತ್ತು. ಏಕೆಂದರೆ ಮೊದಲಿನ ದೃಶ್ಯದಲ್ಲಿ ಚಿತ್ರ ಅವಳ ಮುಖದಿಂದ ಓಡಿಹೋಗಿರಲಿಲ್ಲ.

ನಿರ್ಬಂಧ ಸಡಿಲವಾದರೆ ಈ ದೋಷ ತಾನೇ ನೀಗುವುದೆಂದು ವಾದಿಸುವವರಿದ್ದಾರೆ. ಇತಿಹಾಸ ಈ ವಾದಕ್ಕೆ ಒತ್ತಾಸೆ ಕೊಡುವುದಿಲ್ಲ. 1955ರಲ್ಲಿ ಪ್ರೇಮಿಗಳ ಕೈಗೆ ಕೊಡೆ ಕೊಟ್ಟ ರಾಜ್ ಕಪೂರರೇ 1985ರ 'ರಾಮ್ ತೇರಿ ಗಂಗಾ ಮೈಲಿ'ಯಲ್ಲಿ ತೆಳುವಾದ ಬಿಳಿಯ ಸೀರೆಯುಟ್ಟ ನಾಯಿಕೆಯನ್ನು ಜಲಪಾತದ ಕೆಳಗೆ ನಿಲ್ಲಿಸಿದರು. ನೀರು ಅದೇ, ಕೆಲಸ ತಲೆಕೆಳಗಾಯಿತು. ಅಲ್ಲಿ ನೀರಿನಿಂದ ರಕ್ಷಿಸಿಕೊಳ್ಳುವುದರಲ್ಲಿ ಪ್ರೇಮ ವ್ಯಕ್ತವಾಯಿತು. ಇಲ್ಲಿ ನೀರು ಬಟ್ಟೆಯನ್ನು ಪಾರದರ್ಶಕಗೊಳಿಸುವ ಉಪಾಯವಾಯಿತು. ಗಂಗೆಯ ಪಾವಿತ್ರ್ಯ ಮಲಿನವಾದ ಕಥೆಯಿದೆಂಬ ಸಮರ್ಥನೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕ್ಯಾಮೆರಾ ನಿಂತಿರುವುದು ನದಿಯನ್ನು ನೋಡಲು ಅಲ್ಲವೆಂಬುದು ಸ್ಪಷ್ಟ. 'ಶ್ರೀ 420'ರಲ್ಲಿ ಇಬ್ಬರು ಒಬ್ಬರನ್ನೊಬ್ಬರು ನೋಡುತ್ತಿದ್ದರು, ನಾವು ಅವರ ನೋಟವನ್ನು ನೋಡುತ್ತಿದ್ದೆವು. ಜಲಪಾತದ ದೃಶ್ಯದಲ್ಲಿ ನೋಡುವವರು ಮುಖ್ಯವಾಗಿ ನಾವು. ಇನ್ನು ಇತ್ತೀಚಿನ ಚಿತ್ರಗಳಲ್ಲಿ ಚುಂಬನ ಅಪರೂಪವಲ್ಲದಿದ್ದರೂ ಮಳೆಯ ಹಾಡು ನಿಂತಿಲ್ಲ. ನಿಷೇಧ ತಂದ ಸಂಕೇತ ನಿಷೇಧದೊಡನೆ ಹೋಗಬೇಕಿತ್ತು. ಹೋಗದೆ ಉಳಿದುದರಿಂದಲೇ, ಅದರ ಬೇರು ಕಾಯಿದೆಗಿಂತ ಆಳವಾದ ಅಭಿರುಚಿಯಲ್ಲಿಯೂ ಅಭ್ಯಾಸದಲ್ಲಿಯೂ ಇದೆಯೆಂದು ಸಿದ್ಧವಾಗುತ್ತದೆ.

ಆನಂದವರ್ಧನನು ವಾಚ್ಯಾರ್ಥವನ್ನು ಹೀಗಳೆಯಲಿಲ್ಲ. ಬೆಳಕು ಬೇಕಾದವನು ದೀಪವನ್ನು ಜೋಪಾನಮಾಡುವಂತೆ, ವ್ಯಂಗ್ಯವನ್ನು ಬಯಸುವವನು ವಾಚ್ಯವನ್ನು ಜೋಪಾನಮಾಡಬೇಕೆಂಬುದು ಅವನ ಅಭಿಮತ. ಚಲಚ್ಚಿತ್ರದಲ್ಲಿ ಈ ದೀಪವೆಂದರೆ ಮಾನವ ಮುಖ. ಅದನ್ನು ಸಾಕಷ್ಟು ಹೊತ್ತು, ಪ್ರಾಮಾಣಿಕವಾಗಿ ತೋರಿಸಿದ ಚಿತ್ರ ಅನಂತರ ಮಳೆಯ ಕಡೆಗೋ ಬೆಂಕಿಯ ಕಡೆಗೋ ತಿರುಗಿದರೆ ಆ ಮಳೆಗೂ ಬೆಂಕಿಗೂ ಅರ್ಥ ಬರುತ್ತದೆ. ಮುಖವನ್ನು ತಪ್ಪಿಸಿಕೊಳ್ಳಲೆಂದೇ ಹೂವಿನ ಕಡೆಗೆ ಓಡಿದ ಚಿತ್ರದಲ್ಲಿ ಹೂವೂ ಬಾಡುತ್ತದೆ. ಸೆನ್ಸಾರಿನ ಕಾಲದ ಚಿತ್ರಗಳನ್ನು ತರಗತಿಯಲ್ಲಿ ಚರ್ಚಿಸುವಾಗ, ಏನನ್ನು ಮರೆಮಾಡಿದ್ದಾರೆಂದು ಕೇಳಿ ನಗುವುದಕ್ಕೆ ಬದಲಾಗಿ, ಮರೆಮಾಡುವ ಮೊದಲು ಯಾರ ಮನಸ್ಸನ್ನು ತೋರಿಸಿದ್ದಾರೆಂದು ಕೇಳುವುದು ವಿಮರ್ಶೆಗೆ ಹೆಚ್ಚು ಉಪಯುಕ್ತವಾದ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ.